ಕಡಕ್ ರೊಟ್ಟಿ, ಗುರೆಳ್ಳು ಪುಡಿ ಮತ್ತು AVML

ಕಮಲಾಪುರದ ನಮ್ಮ ದೊಡ್ಡಮ್ಮ ಮಗಳ ಬಾಣಂತನಕ್ಕೆಂದು ಸ್ಯಾನ್ ಫ್ರಾನ್ಸಿಸ್ಕೋಗೆ ಹೊರಟಾಗ ಜೊತೆಗೆ ನಾನೂ ಇದ್ದೆ. ರಾತ್ರಿ ಹೊಸಪೇಟೆಯಲ್ಲಿ ಹಂಪಿ ಎಕ್ಸ್‌ಪ್ರೆಸ್ ಹತ್ತಿದರೆ ಬೆಳಿಗ್ಗೆ ಬೆಂಗಳೂರು. ಅಲ್ಲಿ ಹಗಲೆಲ್ಲ ಕಾದು ನಡುರಾತ್ರಿಯ ವಿಮಾನ, ಕೊಲ್ಲಿಯ ಒಂದು ನಗರದಲ್ಲಿ ಬದಲಾವಣೆ, ಆಮೇಲೆ ಸುಮಾರು 16 ಗಂಟೆಯ ಒಂದೇ ಹಾರಾಟ. ಈರುಳ್ಳಿ, ಬೆಳ್ಳುಳ್ಳಿ ತಿನ್ನುವ ದೊಡ್ಡಮ್ಮ ಮೊಟ್ಟೆಯ ವಾಸನೆ ಬಂದರೂ ತಟ್ಟೆ ಸರಿಸಿಬಿಡುವವರು.

ಟಿಕೆಟ್ ತೆಗೆದ ಹುಡುಗ ಊಟದ ಪಟ್ಟಿಯಲ್ಲಿ 'ಹಿಂದೂ ಮೀಲ್' ಕಂಡ ಕೂಡಲೇ ಅದನ್ನೇ ಒತ್ತಲು ಹೊರಟಿದ್ದ. HNML ಎಂಬ ಆ ಊಟ ಸಾಮಾನ್ಯವಾಗಿ ಮಾಂಸಾಹಾರ. ದನ, ಹಂದಿಯ ಮಾಂಸ ಇರುವುದಿಲ್ಲ, ಕೋಳಿ, ಕುರಿ, ಮೀನು ಇರಬಹುದು. VLML ಸಸ್ಯಾಹಾರವೇ ಆದರೂ ಹಾಲಿನ ಜೊತೆ ಮೊಟ್ಟೆಗೂ ಅದರಲ್ಲಿ ಜಾಗವಿದೆ, ಬೆಳಗಿನ ತಿಂಡಿಗೆ ಆಮ್ಲೆಟ್ ಬಂದರೆ ಅಚ್ಚರಿಯಿಲ್ಲ. VGML ತೆಗೆದುಕೊಂಡರೆ ಮೊಸರು, ತುಪ್ಪ ಎರಡೂ ಹೋಯಿತು. ಗಡ್ಡೆಗೆಣಸು, ಈರುಳ್ಳಿ ಮುಟ್ಟದವರಿಗೆ ಜೈನ ಊಟ, VJML. ಮಸಾಲೆ ಹಾಕಿದ ಪಲ್ಯ, ಬೇಳೆ, ಅನ್ನ ಬೇಕು, ಮೊಟ್ಟೆ ಬೇಡ ಎನ್ನುವ ದೊಡ್ಡಮ್ಮನಂಥವರಿಗೆ ಒಪ್ಪುವುದು AVML.

ಒಮ್ಮೆ ಒತ್ತಿದರೆ ಮುಗಿಯಿತು ಎಂದುಕೊಳ್ಳುವಂತಿಲ್ಲ. ನಡುವೆ ವಿಮಾನ ಬದಲಾಗುತ್ತಿದ್ದರೆ ಪ್ರತಿ ಹಾರಾಟದ ಎದುರೂ ಆ ನಾಲ್ಕು ಅಕ್ಷರ ಕಾಣಬೇಕು. ಒಂದು ಕಂಪನಿ ಮಾರಿದ ಟಿಕೆಟ್ಟಿಗೆ ಇನ್ನೊಂದು ಕಂಪನಿಯ ವಿಮಾನ ಹಾರುವುದುಂಟು. ಆಗ ಹಾರಿಸುವ ಕಂಪನಿಯನ್ನೇ ಕೇಳಿ ಖಚಿತಪಡಿಸಿಕೊಳ್ಳುವುದು ಒಳ್ಳೆಯದು. ಬಹಳಷ್ಟು ಕಂಪನಿಗಳು ಕನಿಷ್ಠ 24 ಗಂಟೆ ಮೊದಲು ಹೇಳಿರಬೇಕೆನ್ನುತ್ತವೆ, ಕೆಲವು ಇನ್ನೂ ಮುಂಚೆ. ವಿಮಾನದೊಳಗೆ ವಿಶೇಷ ಊಟ ಎಲ್ಲರಿಗಿಂತ ಮೊದಲು ಬರುತ್ತದೆ. ದೊಡ್ಡಮ್ಮನ ತಟ್ಟೆಯ ಮುಚ್ಚಳದ ಮೇಲೆ ಸೀಟಿನ ಸಂಖ್ಯೆ, AVML ಎರಡೂ ಬರೆದ ಚೀಟಿ ಅಂಟಿತ್ತು. ಊಟ ಹುಡುಕಿಕೊಂಡು ಬರುವುದು ಸೀಟನ್ನು, ಮನುಷ್ಯರನ್ನಲ್ಲ. ಕಿಟಕಿಯ ಆಸೆಗೆ ಜಾಗ ಬದಲಿಸಿಕೊಂಡರೆ ಗಗನಸಖಿಗೆ ಒಂದು ಮಾತು ಹೇಳಿಬಿಡಬೇಕು.

ಇನ್ನು ಬುತ್ತಿ. ಈ ವಿಷಯದಲ್ಲಿ ನಮ್ಮ ಕಡೆಯವರು ಅದೃಷ್ಟವಂತರು. ಜೋಳದ ಕಡಕ್ ರೊಟ್ಟಿಯಲ್ಲಿ ನೀರಿನ ಪಸೆಯೇ ಇರುವುದಿಲ್ಲ, ಎರಡು ದಿನವಲ್ಲ, ವಾರ ಕಳೆದರೂ ಕೆಡದು. ಮೆತ್ತನೆಯ ರೊಟ್ಟಿ ಡಬ್ಬಿಯಲ್ಲಿ ಬೆವರಿ ಮರುದಿನವೇ ಹಳಸುತ್ತದೆ. ದೊಡ್ಡಮ್ಮ ಕಡಕ್ ರೊಟ್ಟಿಯನ್ನು ಕಾಲುಭಾಗಗಳಾಗಿ ಮುರಿದು ಸ್ಟೀಲ್ ಡಬ್ಬಿಗೆ ಜೋಡಿಸಿದರು, ಅಲುಗಾಡದಂತೆ ಮೇಲೊಂದು ಹತ್ತಿ ಬಟ್ಟೆ ಒತ್ತಿದರು. ಕಾಯಿ ಹೋಳಿಗೆ ಬೇಡವೆಂದು ಶೇಂಗಾ ಹೋಳಿಗೆ ಮಾಡಿದರು. ಚಟ್ನಿಪುಡಿಯಲ್ಲಿ ಮಾತ್ರ ಸ್ವಲ್ಪ ಚರ್ಚೆಯಾಯಿತು. ಅಮೆರಿಕಕ್ಕೆ ನೇರ ಹೋಗುವ ವಿಮಾನದಲ್ಲಿ 350 ಮಿಲಿ ಲೀಟರಿಗಿಂತ ಹೆಚ್ಚಿನ ಪುಡಿ ಕೈಚೀಲದಲ್ಲಿದ್ದರೆ 2018ರಿಂದ ಹೆಚ್ಚುವರಿ ತಪಾಸಣೆ, ಅನುಮಾನ ತೀರದಿದ್ದರೆ ಅಲ್ಲೇ ಬಿಡಿಸುತ್ತಾರೆ. ಹಾಗಾಗಿ ದೊಡ್ಡ ಡಬ್ಬಿ ಲಗೇಜಿಗೆ ಹೋಯಿತು, ಕೈಚೀಲಕ್ಕೆ ಒಂದು ಚಿಕ್ಕ ಪೊಟ್ಟಣ. ಅದರಲ್ಲೂ ಶೇಂಗಾ ಪುಡಿಯ ಬದಲು ಗುರೆಳ್ಳು ಪುಡಿ. ಹತ್ತಿರದ ಸೀಟಿನವರಿಗೆ ಶೇಂಗಾ ಅಲರ್ಜಿಯಿದ್ದರೆ ಪೊಟ್ಟಣ ಬಿಚ್ಚಬೇಡಿ ಎಂದು ಸಿಬ್ಬಂದಿ ಕೇಳುವುದುಂಟು. ಹೋಳಿಗೆಯನ್ನೂ ಅದೇ ಕಾರಣಕ್ಕೆ ವಿಮಾನ ನಿಲ್ದಾಣದಲ್ಲಿ ಕುಳಿತು ತಿಂದೆವು.

ಮೊಸರು, ತುಪ್ಪ, ಗೊಜ್ಜು ಎಲ್ಲವೂ ಭದ್ರತಾ ತಪಾಸಣೆಯವರ ಕಣ್ಣಿಗೆ ದ್ರವಪದಾರ್ಥವೇ. ಒಂದೊಂದು ಡಬ್ಬಿ 100 ಮಿಲಿ ಲೀಟರ್ ಮೀರುವಂತಿಲ್ಲ. ಉಪ್ಪಿನಕಾಯಿಯನ್ನು ಎರಡು ಪದರ ಚೀಲದಲ್ಲಿ ಬಿಗಿದು ಲಗೇಜಿಗೆ ಹಾಕಿದರೆ ತಂಟೆಯಿಲ್ಲ. ಒಣಕೊಬ್ಬರಿ ಬಟ್ಟಲನ್ನು ಮನೆಯಲ್ಲೇ ಬಿಡಬೇಕು. ಎಣ್ಣೆಯಂಶದಿಂದ ಬೇಗ ಹೊತ್ತಿಕೊಳ್ಳುತ್ತದೆಂದು ನಮ್ಮ ನಿಲ್ದಾಣಗಳಲ್ಲಿ ಅದಕ್ಕೆ ತಡೆ.

ಹತ್ತಿಸಿಕೊಂಡದ್ದನ್ನೆಲ್ಲ ಇಳಿಸಿಕೊಳ್ಳಲು ಬಿಡುತ್ತಾರೆಂದಿಲ್ಲ. ದೊಡ್ಡಮ್ಮ ತಂದಿದ್ದ ಬಾಳೆಹಣ್ಣು ವಿಮಾನದಲ್ಲೇ ಖಾಲಿಯಾಗಬೇಕಿತ್ತು, ಆಯಿತು. ತಾಜಾ ಹಣ್ಣಿಗೆ, ಕರಿಬೇವಿನ ಸೊಪ್ಪಿಗೆ ಅಮೆರಿಕದಲ್ಲಿ ಪ್ರವೇಶವಿಲ್ಲ. ಧಾನ್ಯ ತಿನ್ನುವ ಖಾಪ್ರಾ ಕೀಟದ ಭಯದಿಂದ ಭಾರತದ ಅಕ್ಕಿಯನ್ನೂ ಪ್ರಯಾಣಿಕರ ಚೀಲದಲ್ಲಿ ಬಿಡುವುದಿಲ್ಲ. ಉಳಿದ ತಿನಿಸನ್ನು ಇದೆ ಎಂದು ಹೇಳಲೇಬೇಕು. ಹೇಳಿದ ವಸ್ತು ನಿಷಿದ್ಧವಾಗಿದ್ದರೆ ತೆಗೆದಿಟ್ಟುಕೊಳ್ಳುತ್ತಾರೆ ಅಷ್ಟೆ, ಮುಚ್ಚಿಟ್ಟು ಸಿಕ್ಕಿಬಿದ್ದರೆ ದಂಡ.

ಡಬ್ಬಿ ತೆರೆಸಿದ ಅಧಿಕಾರಿ ರೊಟ್ಟಿಯ ಚೂರನ್ನು ನೋಡಿ ಇದೇನೆಂದು ಕೇಳಿದರು. "ಬ್ರೆಡ್, ಡ್ರೈ," ಎಂದರು ದೊಡ್ಡಮ್ಮ, ನಾನು ಬಾಯಿ ತೆರೆಯುವ ಮೊದಲೇ. ಹೋಗಿ ಎಂದು ಕೈ ತೋರಿಸಿದರು.

ಬಾಣಂತನ ಒಂದು ತಿಂಗಳು ಮುಂದುವರಿದದ್ದರಿಂದ ಹಿಂದಿರುಗುವ ತಾರೀಖು ಬದಲಾಯಿತು. ಹೊಸ ಟಿಕೆಟ್ಟಿನಲ್ಲಿ ಊಟದ ಆಯ್ಕೆ ಇರಲಿಲ್ಲ, ತಾರೀಖು ಬದಲಿಸಿದಾಗ ಹೀಗಾಗುವುದುಂಟು. ಹೊರಡುವ ಮೂರು ದಿನ ಮೊದಲು ಮಗಳು ಎರಡೂ ಹಾರಾಟಗಳಿಗೆ ಮತ್ತೆ AVML ಹಾಕಿಸಿ, ಒಪ್ಪಿಗೆಯ ಪುಟವನ್ನು ಅಮ್ಮನ ಫೋನಿಗೆ ಕಳಿಸಿದಳು.