ಅಪ್ಪ ತೀರಿದ್ದು 2001ರಲ್ಲಿ, ಮಗಳಿಗೆ ಪಾಲು ಬರುತ್ತದೆಯೇ?

ಕೆಸರೆಯಲ್ಲಿ ಒಂದು ಹಳೆಯ ಹೆಂಚಿನ ಮನೆ ಇದೆ ಎಂದುಕೊಳ್ಳಿ. 1956ಕ್ಕೂ ಮೊದಲೇ ತಾತನಿಂದ ಅಪ್ಪನಿಗೆ ಇಳಿದು ಬಂದ ಪಿತ್ರಾರ್ಜಿತ ಅದು, ಇನ್ನೂ ಭಾಗವಾಗಿಲ್ಲ. ಅಪ್ಪ 2001ರಲ್ಲಿ ಉಯಿಲು ಬರೆಯದೆ ತೀರಿಕೊಂಡರು. ಉಳಿದವರು ಅಮ್ಮ, ಇಬ್ಬರು ಗಂಡುಮಕ್ಕಳು ಮತ್ತು 1985ರಲ್ಲಿ ಮದುವೆಯಾದ ಮಗಳು. ‘1994ಕ್ಕೆ ಮೊದಲೇ ಮದುವೆಯಾದವಳಿಗೆ ಪಾಲಿಲ್ಲ’ ಎನ್ನುತ್ತಾರೆ ಅಣ್ಣತಮ್ಮಂದಿರು.

ಈ ಮಾತಿಗೆ ಹಿಂದೆ ಆಧಾರವಿತ್ತು. 1994ರ ಜುಲೈ 30ರಂದು ಜಾರಿಗೆ ಬಂದ ಕರ್ನಾಟಕದ ತಿದ್ದುಪಡಿ, ಅದಕ್ಕೂ ಮೊದಲೇ ಮದುವೆಯಾದ ಹೆಣ್ಣುಮಕ್ಕಳನ್ನು ಹೊರಗಿಟ್ಟಿತ್ತು. 2005ರ ಸೆಪ್ಟೆಂಬರ್ 9ರಂದು ಜಾರಿಯಾದ ಕೇಂದ್ರದ ತಿದ್ದುಪಡಿಯಲ್ಲಿ ಆ ಅಡ್ಡಿಯಿಲ್ಲ. ಮಗಳೂ ಮಗನಂತೆ ಹುಟ್ಟಿನಿಂದಲೇ ಸಹದಾಯಾದಿ. ಅಂದು ಅಪ್ಪ ಬದುಕಿರಬೇಕಿತ್ತೇ ಎಂಬ ಗೊಂದಲವನ್ನು, ‘ಬೇಕಿಲ್ಲ’ ಎಂದು ಸುಪ್ರೀಂ ಕೋರ್ಟ್ 2020ರ ವಿನೀತಾ ಶರ್ಮಾ ತೀರ್ಪಿನಲ್ಲಿ ಬಗೆಹರಿಸಿತು.

ಲೆಕ್ಕ ಹೀಗೆ. ಅಪ್ಪ ಸಾಯುವ ಮುಂಚಿನ ಗಳಿಗೆಯಲ್ಲೇ ಭಾಗವಾಗಿತ್ತು ಎಂದು ಕಾನೂನು ಭಾವಿಸುತ್ತದೆ. ಆಗ ಅಪ್ಪ, ಅಮ್ಮ, ಮೂವರು ಮಕ್ಕಳಿಗೆ ತಲಾ 1/5. ನಂತರ ಅಪ್ಪನ 1/5 ಪಾಲು ಉಳಿದ ನಾಲ್ವರಿಗೆ 1/20ರಂತೆ ಹಂಚಿಕೆಯಾಗುತ್ತದೆ. ಒಟ್ಟು ತಲಾ 1/4. ಮಗಳದೂ ಅಷ್ಟೇ.

ನಮ್ಮ ರಾಜ್ಯದ್ದೇ ಆದ ದಾನಮ್ಮ ಪ್ರಕರಣ ಇದಕ್ಕೆ ಹತ್ತಿರದ್ದು. ಅಲ್ಲೂ ಅಪ್ಪ ತೀರಿದ್ದು 2001ರಲ್ಲಿ. ಮರುವರ್ಷ ಮೊಮ್ಮಗ ಪಾಲಿನ ದಾವೆ ಹೂಡಿದ. ಹೆಣ್ಣುಮಕ್ಕಳು 1956ಕ್ಕೆ ಮೊದಲು ಹುಟ್ಟಿದವರೆಂದು ಕೆಳ ನ್ಯಾಯಾಲಯ ಅವರಿಗೆ ಪಾಲು ನಿರಾಕರಿಸಿತ್ತು. 2018ರಲ್ಲಿ ಸುಪ್ರೀಂ ಕೋರ್ಟ್ ಇಬ್ಬರು ಹೆಣ್ಣುಮಕ್ಕಳಿಗೂ ತಲಾ 1/5 ಕೊಟ್ಟಿತು. ಮೊಮ್ಮಗನಿಗೆ ಸಿಕ್ಕಿದ್ದು 1/25. ಅವನ ಅಪ್ಪನ 1/5 ಪಾಲು ಆ ಸಂಸಾರದ ಐವರಲ್ಲಿ ಹಂಚಿಹೋಯಿತು.

ಕೆಸರೆಯ ಅಪ್ಪ 2010ರಲ್ಲಿ ತೀರಿಕೊಂಡು, ತನ್ನ ಪಾಲನ್ನು ಹಿರಿಮಗನಿಗೆ ಉಯಿಲು ಬರೆದಿದ್ದರೆ? ಹಿರಿಮಗನಿಗೆ 2/5, ಉಳಿದ ಮೂವರಿಗೆ ತಲಾ 1/5. ಇಡೀ ಮನೆಯನ್ನೇ ಉಯಿಲಿನಲ್ಲಿ ಕೊಡಲು ಅಪ್ಪನಿಗೆ ಹಕ್ಕಿಲ್ಲ. ಅದೇ ಮನೆ ಅವರು ಸ್ವಂತ ಸಂಬಳದಿಂದ ಕಟ್ಟಿಸಿದ ಸ್ವಯಾರ್ಜಿತವಾಗಿದ್ದರೆ, ಯಾರಿಗೆ ಬೇಕಾದರೂ ಪೂರ್ತಿ ಬರೆಯಬಹುದಿತ್ತು.

ಮಗಳ ದಾವೆಗೆ ನಿಜವಾದ ತಡೆ 2004ರ ಡಿಸೆಂಬರ್ 20ಕ್ಕೆ ಮೊದಲು ನೋಂದಾಯಿತ ಪಾಲುಪತ್ರ ಅಥವಾ ನ್ಯಾಯಾಲಯದ ಡಿಕ್ರಿ ಆಗಿದ್ದರೆ ಮಾತ್ರ ಎಂದುಕೊಳ್ಳಬೇಡಿ. ಆ ದಿನಾಂಕಕ್ಕೆ ಮೊದಲೇ ಆಸ್ತಿ ಮಾರಾಟವಾಗಿದ್ದರೂ ತಡೆಯೇ. ಆದರೆ ‘ಬಾಯಿಮಾತಿನಲ್ಲಿ ಭಾಗವಾಗಿತ್ತು’ ಎಂಬ ವಾದವನ್ನು ಸರ್ಕಾರಿ ದಾಖಲೆಗಳ ಗಟ್ಟಿ ಬೆಂಬಲವಿಲ್ಲದೆ ನ್ಯಾಯಾಲಯ ಒಪ್ಪುವುದಿಲ್ಲ. ಖಾತೆ ಅಣ್ಣನ ಹೆಸರಿಗಿದ್ದ ಮಾತ್ರಕ್ಕೆ ಮನೆ ಅವನದಾಗುವುದಿಲ್ಲ.

ಆದ್ದರಿಂದ ಮಗಳು ಮೊದಲು ಉಪನೋಂದಣಿ ಕಚೇರಿಯಲ್ಲಿ ಋಣಭಾರ ಪತ್ರ ತೆಗೆಸಲಿ. ಹಳೆಯ ಪಾಲುಪತ್ರವಾಗಲಿ ಕ್ರಯಪತ್ರವಾಗಲಿ ನೋಂದಣಿಯಾಗಿದ್ದರೆ ಅಲ್ಲೇ ಕಾಣುತ್ತದೆ. ಅಣ್ಣ ಮಾಡಿಸಿದ ವಂಶವೃಕ್ಷದಲ್ಲಿ ತನ್ನ ಹೆಸರು ಬಿಟ್ಟುಹೋಗಿದೆಯೇ ಎಂದೂ ನೋಡಲಿ. ‘ಖಾತೆಗೆ ಒಂದು ಸಹಿ’ ಎಂದು ಕರೆದರೆ ಪತ್ರವನ್ನು ಪೂರ್ತಿ ಓದಿಸಿಕೊಳ್ಳಲಿ. ಅದು ಹಕ್ಕು ಬಿಡುಗಡೆ ಪತ್ರವಾಗಿದ್ದು ನೋಂದಣಿಯಾದರೆ, ಮುಂದೆ ರದ್ದು ಮಾಡಿಸುವುದು ಬಹಳ ಕಷ್ಟ. ದಾವೆಯಲ್ಲಿ ಮೊದಲು ಸಿಗುವ ಪ್ರಾಥಮಿಕ ಡಿಕ್ರಿ ಯಾರ ಪಾಲೆಷ್ಟು ಎಂದಷ್ಟೇ ಹೇಳುತ್ತದೆ. ಅಳತೆ ಮಾಡಿ ಸ್ವಾಧೀನ ಕೊಡಿಸುವುದು ಅಂತಿಮ ಡಿಕ್ರಿಯ ಹಂತದಲ್ಲಿ. ಪುಟ್ಟ ಮನೆಯನ್ನು ನಾಲ್ಕು ತುಂಡು ಮಾಡಲಾಗದಿದ್ದರೆ, ಮಾರಿಸಿ ಹಣ ಹಂಚಲೂ ನ್ಯಾಯಾಲಯ ಆದೇಶಿಸಬಹುದು.