ಜೈ ಕೈಲಿದ್ದ ನಾಣ್ಯ

ಚನ್ನಪಟ್ಟಣದಲ್ಲಿ ಒಂಬತ್ತನೇ ಕ್ಲಾಸ್ ಓದೋ ನಮ್ಮ ತಂಗಿ 'ಶೋಲೆ'ಯ ಜೈ ಬಗ್ಗೆ ಪ್ರಬಂಧ ಬರೀಬೇಕಿತ್ತು. 1975ರ ಆ ಸಿನಿಮಾ ಶೂಟ್ ಆಗಿದ್ದು ನಮ್ಮ ರಾಮನಗರದ ರಾಮದೇವರ ಬೆಟ್ಟದಲ್ಲೇ. "ಜೈ ಕಳ್ಳ, ಆದ್ರೂ ಒಳ್ಳೆಯವನು" ಅಂತ ಶುರು ಮಾಡಿದ್ಲು. ಆ 'ಆದ್ರೂ' ಏನನ್ನೂ ವಿವರಿಸಲ್ಲ ಅಂತ ನಮಗನ್ನಿಸ್ತು. ಅವನ ಆಯ್ಕೆಗಳನ್ನೇ ನೋಡೋಣ ಅಂದ್ವಿ.

ರೈಲಿನಲ್ಲಿ ಗಾಯಗೊಂಡ ಠಾಕೂರ್‌ನ ಆಸ್ಪತ್ರೆಗೆ ಸೇರಿಸಿದ್ರೆ ಮತ್ತೆ ಜೈಲು, ಬಿಟ್ಟು ಓಡಿದ್ರೆ ಬಿಡುಗಡೆ. ಜೈ ನಾಣ್ಯ ಚಿಮ್ಮಿಸ್ತಾನೆ. ಉಳಿಸೋ ಕಡೆಗೇ ಬೀಳುತ್ತೆ. ಕೊನೇಲಿ ಸೇತುವೆ ಹತ್ರ ಯಾರು ನಿಂತು ಡಕಾಯಿತರನ್ನ ತಡೀಬೇಕು ಅನ್ನೋದಕ್ಕೂ ಅದೇ ನಾಣ್ಯ. ಜೈ ಉಳೀತಾನೆ, ಸಾಯ್ತಾನೆ. ಆಮೇಲೆ ವೀರೂ ನಾಣ್ಯ ತಿರುಗಿಸಿ ನೋಡಿದ್ರೆ ಎರಡೂ ಕಡೆ ಒಂದೇ ಮುಖ!

ಅಂದ್ರೆ ನಾವು ಅದೃಷ್ಟ ಅಂದ್ಕೊಂಡಿದ್ದು ಜೈ ಮೊದಲೇ ಮಾಡಿದ್ದ ತೀರ್ಮಾನ. ಆದರೆ ಗೆಳೆಯನಿಗೆ ಮೋಸ ಮಾಡಿದ್ದೂ ಅದೇ ನಾಣ್ಯ. "ನಾನು ಉಳೀತೀನಿ" ಅನ್ನೋ ಅವಕಾಶವನ್ನೇ ವೀರೂಗೆ ಅವನು ಕೊಡಲಿಲ್ಲ. ತ್ಯಾಗವೂ ಮೋಸವೂ ಒಂದೇ ಕೆಲಸದೊಳಗಿವೆ. ಬೇರೆ ಬೇರೆ ಪ್ಯಾರಾದಲ್ಲಿ ಬರೆದ್ರೆ ಜೈ ಕೈ ತಪ್ಪಿಹೋಗ್ತಾನೆ. ಸಂತ ಮಾಡೋಕೂ ಆಗಲ್ಲ, ಠಾಕೂರ್ ಮನೆ ತಿಜೋರಿಗೆ ಕೈ ಹಾಕಲು ಹೋದವನೂ ಇವನೇ ತಾನೆ?

ತಂಗಿ ಮೊದಲ ಸಾಲು ಹೊಡೆದುಹಾಕಿ ಬರೆದಳು: "ಜೈ ನಾಣ್ಯವನ್ನು ನಂಬುತ್ತಿರಲಿಲ್ಲ."