ಫೇಶಿಯಲ್‌ಗೆ 40 ಡಾಲರ್ ಸಾಕೇ?

ಪ್ರಶ್ನೆ: ವೆಸ್ಟ್ ಬ್ಲೂಮ್‌ಫೀಲ್ಡ್‌ನಲ್ಲಿ ಲೈಸೆನ್ಸ್ ಪಡೆದು ಮನೆಯಲ್ಲೇ ಪಾರ್ಲರ್ ನಡೆಸುತ್ತಿದ್ದೇನೆ. ಬರುವವರಲ್ಲಿ ಕನ್ನಡ ಕೂಟದ ಪರಿಚಯದವರೇ ಹೆಚ್ಚು. ಐಬ್ರೋಗೆ 8, ಫೇಶಿಯಲ್‌ಗೆ 40 ಡಾಲರ್ ತೆಗೆದುಕೊಳ್ಳುತ್ತೇನೆ. ಆರ್ಚರ್ಡ್ ಲೇಕ್ ರಸ್ತೆಯ ಪಾರ್ಲರ್‌ಗಳಿಗಿಂತ ಸ್ವಲ್ಪ ಕಡಿಮೆ ಇರಲಿ ಎಂದು ಇಟ್ಟ ದರ ಇದು. ಫೇಶಿಯಲ್ ಹೆಚ್ಚಿದ ತಿಂಗಳಲ್ಲೂ ಕೈಯಲ್ಲಿ ದುಡ್ಡು ಉಳಿಯುವುದಿಲ್ಲ. ಏಕೆ?

ಉತ್ತರ: ಆ ಪಾರ್ಲರ್‌ಗಳ ದರ ಅವರ ಬಾಡಿಗೆ, ಅವರ ಸಿಬ್ಬಂದಿಯ ಲೆಕ್ಕದಿಂದ ಬಂದದ್ದು. ನಿಮ್ಮ ದರ ನಿಮ್ಮ ಲೆಕ್ಕದಿಂದಲೇ ಬರಬೇಕು. ನೀವು ಕಳಿಸಿದ ಚೀಟಿಯ ಅಂಕಿಗಳನ್ನೇ ಹಿಡಿದು ನೋಡೋಣ.

ಇನ್ಶೂರೆನ್ಸ್, ಲೈಸೆನ್ಸ್ ನವೀಕರಣ, ಕರೆಂಟು, ಫೋನು ಸೇರಿ ತಿಂಗಳಿಗೆ 220 ಡಾಲರ್. ನೀವು ಬಿಟ್ಟಿದ್ದು ಕುರ್ಚಿಯ ಬೆಲೆ. 1,200 ಡಾಲರ್ ಕುರ್ಚಿ ಐದು ವರ್ಷ ಬಾಳಿದರೆ ತಿಂಗಳಿಗೆ 20. ಒಟ್ಟು 240. ಇದನ್ನು ಪಾರ್ಲರ್ ತೆರೆದಿಟ್ಟ 80 ಗಂಟೆಗೆ ಹಂಚಬೇಡಿ, ಗಿರಾಕಿಗಳಿಗಾಗಿ ನಿಜಕ್ಕೂ ದುಡಿದ 50 ಗಂಟೆಗೆ ಹಂಚಿ. ಗಂಟೆಗೆ 4.80 ಆಗುತ್ತದೆ.

ಮುಖ್ಯವಾದದ್ದು ಸಮಯ. ಫೇಶಿಯಲ್ ಒಂದು ಗಂಟೆಯದು ಎನ್ನುತ್ತೀರಿ. ಆದರೆ ಹಾಸಿಗೆ ಸಿದ್ಧಮಾಡುವುದು, ಬಟ್ಟಲು, ಬ್ರಷ್ ತೊಳೆದು ಸೋಂಕು ತೆಗೆಯುವುದು, ಟವೆಲ್ ಒಗೆಯಲು ಹಾಕುವುದು, ಅಪಾಯಿಂಟ್‌ಮೆಂಟ್ ಮೆಸೇಜು, ಇವೆಲ್ಲ ಸೇರಿದರೆ 80 ನಿಮಿಷ. ಐಬ್ರೋ ಎಲ್ಲಾ ಸೇರಿ 15 ನಿಮಿಷ. ಒಂದು ವಾರ ಗಡಿಯಾರ ನೋಡಿ ಬರೆದಿಟ್ಟುಕೊಳ್ಳಿ, ನಿಮ್ಮ ಅಂಕಿ ಇನ್ನೂ ಹೆಚ್ಚಾಗಬಹುದು.

ಸಾಮಾನಿನ ಖರ್ಚನ್ನೂ ಅಂದಾಜಿಗೆ ಬಿಡಬೇಡಿ. ಕ್ರೀಮಿನ ಡಬ್ಬಿಯನ್ನು ಅಡುಗೆಮನೆಯ ತಕ್ಕಡಿಯಲ್ಲಿ ತೂಗಿ, ಹತ್ತು ಫೇಶಿಯಲ್ ಆದಮೇಲೆ ಮತ್ತೆ ತೂಗಿ, ವ್ಯತ್ಯಾಸವನ್ನು ಹತ್ತರಿಂದ ಭಾಗಿಸಿ, ಗ್ರಾಂ ಬೆಲೆಯಿಂದ ಗುಣಿಸಿ. ನಿಮ್ಮ ಲೆಕ್ಕದಲ್ಲಿ ಕ್ರೀಮು, ಮಾಸ್ಕ್, ಗ್ಲೌಸ್, ಹತ್ತಿ ಸೇರಿ 9 ಡಾಲರ್ ಎಂದಿಟ್ಟುಕೊಳ್ಳೋಣ.

ಈಗ 40ರಲ್ಲಿ ಸಾಮಾನಿಗೆ 9, 80 ನಿಮಿಷದ ಸ್ಥಿರ ಖರ್ಚಿಗೆ 6.40 ಕಳೆದರೆ ಉಳಿಯುವುದು 24.60. ಗಂಟೆಗೆ ಸುಮಾರು 18.50. ಐಬ್ರೋದಲ್ಲಿ ದಾರ, ಹತ್ತಿಗೆ 25 ಸೆಂಟ್, ಸ್ಥಿರ ಖರ್ಚಿಗೆ 1.20 ಹೋದರೆ 6.55 ಉಳಿಯುತ್ತದೆ. ಅಂದರೆ ಗಂಟೆಗೆ 26.20. ನಿಮ್ಮ ದೊಡ್ಡ ಸೇವೆಯೇ ನಿಮಗೆ ಕಡಿಮೆ ಕೂಲಿ ಕೊಡುತ್ತಿದೆ! ಫೇಶಿಯಲ್ ಹೆಚ್ಚಿದ ತಿಂಗಳು ಕೈ ಬರಿದಾಗುವುದು ಅದಕ್ಕೇ.

ಇದು ತೆರಿಗೆಗೆ ಮುಂಚಿನ ಲೆಕ್ಕ. ಸ್ವಂತ ಉದ್ಯೋಗದವರು ಸೋಶಿಯಲ್ ಸೆಕ್ಯೂರಿಟಿ, ಮೆಡಿಕೇರ್‌ಗೆ ಎರಡೂ ಪಾಲು ತಾವೇ ಕಟ್ಟಬೇಕು. ಲಾಭದ ಶೇಕಡಾ 92.35 ಭಾಗದ ಮೇಲೆ ಶೇಕಡಾ 15.3. ಆ 24.60ರಲ್ಲಿ ಸುಮಾರು 3.50 ಅದಕ್ಕೇ ಹೋಗುತ್ತದೆ. ಫೆಡರಲ್ ಹಾಗೂ ಮಿಶಿಗನ್ ಆದಾಯ ತೆರಿಗೆ ಬೇರೆ.

ಫೇಶಿಯಲ್‌ನಲ್ಲೂ ಗಂಟೆಗೆ 26 ಬೇಕಾದರೆ 80 ನಿಮಿಷಕ್ಕೆ ಸುಮಾರು 34.67, ಖರ್ಚಿನ 15.40 ಕೂಡಿಸಿ: ಸುಮಾರು 50 ಡಾಲರ್. ಟಿಪ್ಸನ್ನು ಇದರಲ್ಲಿ ಸೇರಿಸಬೇಡಿ, ಅದು ಬರಬಹುದು, ಬಾರದಿರಬಹುದು.

ಪರಿಚಯದವರಿಗೆ ಒಮ್ಮೆಗೇ 10 ಡಾಲರ್ ಏರಿಸಲು ಸಂಕೋಚವಾದರೆ ಸಮಯ ಕತ್ತರಿಸಿ. ಮಸಾಜ್ ಚಿಕ್ಕದಾಗಿಸಿ ಎಲ್ಲಾ ಸೇರಿ 55 ನಿಮಿಷದ ಫೇಶಿಯಲ್ ಮಾಡಿ, ಸಾಮಾನು 7ಕ್ಕೆ ಇಳಿದರೆ, 40 ಡಾಲರ್‌ಗೇ ಗಂಟೆಗೆ 31 ಉಳಿಯುತ್ತದೆ. ಎರಡೂ ಇರಲಿ, ಆಯ್ಕೆ ಗಿರಾಕಿಯದಾಗಲಿ.